ನೋಡದೆ, ಕೇಳಿ ಹಣ ಕಳಿಸುವುದು: ದೃಷ್ಟಿದೋಷ ಉಳ್ಳವರಿಗೆ ಟಾಕ್‌ಬ್ಯಾಕ್ ಮತ್ತು ಯುಪಿಐ ಸಮಗ್ರ ಮಾರ್ಗದರ್ಶಿ

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಒಬ್ಬರು ಕಾಲು ಕೆಜಿ ಕಾಫಿ ಪುಡಿ ಮತ್ತು ಎರಡು ಕೆಜಿ ಕಿತ್ತಳೆ ಕೊಂಡಿದ್ದಾರೆ, ಲೆಕ್ಕ 370 ರೂಪಾಯಿ ಆಗಿದೆ ಎಂದುಕೊಳ್ಳಿ. ಅವರಿಗೆ ಕಣ್ಣು ಕಾಣುವುದಿಲ್ಲ. ಕೈಯಲ್ಲಿ ಸಾಧಾರಣ ಆಂಡ್ರಾಯ್ಡ್ ಫೋನ್ ಇದೆ, ಅದರಲ್ಲಿ ಟಾಕ್‌ಬ್ಯಾಕ್ ಎಂಬ ಪರದೆ ಓದುವ ಸೌಲಭ್ಯವಿದೆ, ಒಂದು ಯುಪಿಐ ಆ್ಯಪ್ ಇದೆ. ಈ 370 ರೂಪಾಯಿ ಅವರ ಖಾತೆಯಿಂದ ಅಂಗಡಿಯವರ ಖಾತೆಗೆ ಹೋಗುವವರೆಗಿನ ದಾರಿಯನ್ನೇ ಈ ಬರಹ ಹಿಂಬಾಲಿಸುತ್ತದೆ. ದಾರಿಯಲ್ಲಿ ಕಿವಿಗೆ ತಪ್ಪದೆ ಬೀಳಬೇಕಾದ ಮಾತು ಮೂರು: ಹಣ ಪಡೆಯುವವರ ಹೆಸರು, ಮೊತ್ತ, ಕೊನೆಗೆ ಪಾವತಿ ಆಯಿತೋ ಇಲ್ಲವೋ ಎಂಬುದು. ಉಳಿದದ್ದೆಲ್ಲ ಈ ಮೂರನ್ನು ಸರಿಯಾಗಿ ಕೇಳಿಸಿಕೊಳ್ಳುವ ಏರ್ಪಾಡು.

ಮನೆಯಲ್ಲೇ ಮುಗಿಸಬೇಕಾದದ್ದು

ಅಂಗಡಿಯ ಮುಂದೆ ನಿಂತು ಕಲಿಯುವ ಕೆಲಸ ಇದಲ್ಲ. ಮೊದಲು ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಟಾಕ್‌ಬ್ಯಾಕ್ ಆನ್ ಮಾಡಿ, ಅಲ್ಲೇ ಅದರ ಶಾರ್ಟ್‌ಕಟ್ಟನ್ನೂ ಆನ್ ಮಾಡಿ. ಆಮೇಲೆ ಧ್ವನಿ ಹೆಚ್ಚಿಸುವ ಮತ್ತು ತಗ್ಗಿಸುವ ಎರಡೂ ಗುಂಡಿಗಳನ್ನು ಸುಮಾರು ಮೂರು ಸೆಕೆಂಡು ಒಟ್ಟಿಗೆ ಒತ್ತಿ ಹಿಡಿದರೆ ಟಾಕ್‌ಬ್ಯಾಕ್ ಶುರುವಾಗುತ್ತದೆ ಅಥವಾ ನಿಲ್ಲುತ್ತದೆ. ಇದು ಆನ್ ಆದ ಮೇಲೆ ಫೋನಿನ ನಡೆ ಬದಲಾಗುತ್ತದೆ. ಪರದೆ ಮುಟ್ಟಿದರೆ ಅಲ್ಲೇನಿದೆ ಎಂದು ಹೇಳುತ್ತದೆ, ಒತ್ತಿದಂತೆ ಆಗುವುದಿಲ್ಲ. ಒಂದು ಬೆರಳನ್ನು ಬಲಕ್ಕೆ ಸರಿಸಿದರೆ ಮುಂದಿನ ವಸ್ತು, ಎಡಕ್ಕೆ ಸರಿಸಿದರೆ ಹಿಂದಿನದು. ಬೇಕಾದದ್ದು ಸಿಕ್ಕಿದಾಗ ಪರದೆಯ ಮೇಲೆ ಎಲ್ಲಿಯಾದರೂ ಬೇಗಬೇಗ ಎರಡು ಬಾರಿ ತಟ್ಟಿದರೆ ಅದು ಒತ್ತಿದಂತೆ. ಪುಟ ಸರಿಸಲು ಎರಡು ಬೆರಳು ಬೇಕು.

ಮುಂದಿನದು ಧ್ವನಿ. ಟೆಕ್ಸ್ಟ್ ಟು ಸ್ಪೀಚ್ ಎಂಬ ವಿಭಾಗದಲ್ಲಿ ಕನ್ನಡ ಧ್ವನಿಯನ್ನು ಆರಿಸಿ, ಅದರ ಫೈಲನ್ನು ಮನೆಯ ವೈಫೈ ಇರುವಾಗಲೇ ಫೋನಿಗೆ ಇಳಿಸಿಕೊಳ್ಳಿ. ಇಳಿಸದ ಧ್ವನಿ ನೆಟ್‌ವರ್ಕ್ ನೆಚ್ಚಿಕೊಂಡಿರಬಹುದು. ಭಾಗಮಂಡಲದ ಕಡೆಯ ತೋಟಗಳ ನಡುವೆ ಸಿಗ್ನಲ್ ಹೋದಾಗ ಓದುವ ಧ್ವನಿಯೇ ಕೈಕೊಟ್ಟರೆ ಏನೂ ಮಾಡುವಂತಿಲ್ಲ. ಆ್ಯಪಿನ ಭಾಷೆ ಕನ್ನಡವಾಗಿದ್ದು ಓದುವ ಧ್ವನಿ ಇಂಗ್ಲಿಷಿನದ್ದಾಗಿದ್ದರೆ ಕನ್ನಡದ ಸಾಲುಗಳನ್ನು ಅದು ಸದ್ದಿಲ್ಲದೆ ದಾಟಿಬಿಡುವುದುಂಟು. ಕನ್ನಡ ಧ್ವನಿಯಾದರೆ ಇಂಗ್ಲಿಷ್ ಅಕ್ಷರಗಳನ್ನೂ ಒಂದು ಮಟ್ಟಿಗೆ ಓದಿಕೊಂಡು ಹೋಗುತ್ತದೆ. ಹಾಗಾಗಿ ಹಣದ ಕೆಲಸಕ್ಕೆ ಕನ್ನಡ ಧ್ವನಿಯೇ ಸುರಕ್ಷಿತ. ಓದುವ ವೇಗವನ್ನು ನಿಮ್ಮ ದಿನನಿತ್ಯದ ವೇಗಕ್ಕಿಂತ ಒಂದೆರಡು ಹಂತ ಕಡಿಮೆ ಇಡಿ. ಸಂದೇಶ ಓದುವಾಗ ಒಂದು ಪದ ತಪ್ಪಿದರೆ ನಷ್ಟವಿಲ್ಲ, ಅಂಕೆ ತಪ್ಪಿದರೆ ಇದೆ.

ಟಾಕ್‌ಬ್ಯಾಕಿನ ಸದ್ದಿಗೆ ಹಾಡು, ವಿಡಿಯೊಗಳ ಸದ್ದಿನಿಂದ ಬೇರೆಯಾದ ಮಟ್ಟವಿದೆ. ಅದು ಮಾತಾಡುತ್ತಿರುವಾಗಲೇ ಗುಂಡಿ ಒತ್ತಿದರೆ ಆ ಮಟ್ಟ ಬದಲಾಗುತ್ತದೆ, ಸುಮ್ಮನಿರುವಾಗ ಒತ್ತಿದರೆ ಬೇರೇನೋ ಬದಲಾಗಿರುತ್ತದೆ. ಎಷ್ಟು ಹೆಚ್ಚಿಸಿದರೂ ಕೇಳುತ್ತಿಲ್ಲ ಎನ್ನುವವರಲ್ಲಿ ಹೆಚ್ಚಿನವರ ತೊಂದರೆ ಇಷ್ಟೆ.

ಇನ್ನು ಆ್ಯಪ್. ಅದನ್ನು ತೆರೆದು ಮೇಲಿನಿಂದ ಕೆಳಗೆ ಬಲಕ್ಕೆ ಸರಿಸುತ್ತಾ ಒಂದು ಸುತ್ತು ಪೂರ್ತಿ ಹೋಗಿಬನ್ನಿ. ಎಲ್ಲ ಗುಂಡಿಗೂ ಹೆಸರು ಕೇಳಿಸಿದರೆ ಸರಿ. ಕೆಲವು ಕಡೆ ‘ಲೇಬಲ್ ಇಲ್ಲದ ಬಟನ್’ ಎಂದಷ್ಟೇ ಕೇಳಿಸುತ್ತದೆ. ಚಿತ್ರದ ಗುಂಡಿ ಇಟ್ಟವರು ಅದಕ್ಕೆ ಓದುವ ಹೆಸರು ಬರೆಯುವುದನ್ನು ಮರೆತಿರುತ್ತಾರೆ, ಅಷ್ಟೆ. ಕಣ್ಣು ಕಾಣುವವರೊಬ್ಬರನ್ನು ಕೇಳಿ ಅದೇನೆಂದು ತಿಳಿದುಕೊಂಡು, ಟಾಕ್‌ಬ್ಯಾಕ್ ಮೆನುವಿನಿಂದ ನೀವೇ ಲೇಬಲ್ ಸೇರಿಸಬಹುದು. ಮೂರು ಬೆರಳಿಂದ ಒಮ್ಮೆ ತಟ್ಟಿದರೆ ಮೆನು ಬರುತ್ತದೆ. ಹಳೆಯ ಫೋನಾದರೆ ಒಂದು ಬೆರಳನ್ನು ಕೆಳಗೆ ಎಳೆದು ನಿಲ್ಲಿಸದೆ ಬಲಕ್ಕೆ ತಿರುಗಿಸಬೇಕು. ಆದರೆ ಎಲ್ಲ ಗುಂಡಿಗೂ ಲೇಬಲ್ ಅಂಟುವುದಿಲ್ಲ, ಆ್ಯಪಿನ ಒಳಗೆ ಆ ಗುಂಡಿಗೊಂದು ಗುರುತು ಇದ್ದರೆ ಮಾತ್ರ. ಸ್ಕ್ಯಾನ್ ಗುಂಡಿ, ಮುಂದುವರಿಸುವ ಗುಂಡಿ, ವ್ಯವಹಾರದ ಇತಿಹಾಸ ಈ ಮೂರರಲ್ಲಿ ಒಂದಕ್ಕೆ ಹೆಸರಿಲ್ಲದಿದ್ದರೂ ಆ ಆ್ಯಪ್ ಬಿಟ್ಟು ಬೇರೆಯದನ್ನು ಹಾಕಿಕೊಳ್ಳುವುದೇ ಲೇಸು. ಬ್ಯಾಂಕ್ ಖಾತೆ ಅದೇ ಇರುತ್ತದೆ, ಆ್ಯಪ್ ಬದಲಿಸಿದರೆ ಕಳೆದುಕೊಳ್ಳುವುದೇನಿಲ್ಲ.

ಕೊನೆಗೊಂದು ತಾಲೀಮು. ಮನೆಯವರ ಫೋನಿನಲ್ಲಿ ಅವರ ಕ್ಯೂಆರ್ ಕೋಡ್ ತೆರೆಸಿ, ಒಂದು ರೂಪಾಯಿ ಕಳಿಸಿ ನೋಡಿ. ಕೆಳಗೆ ಹೇಳುವ ಪ್ರತಿ ಹಂತವೂ ಈ ಒಂದು ರೂಪಾಯಿಯಲ್ಲೇ ಗೊತ್ತಾಗುತ್ತದೆ.

ಕೋಡ್ ಹುಡುಕುವುದು

ಕ್ಯಾಮೆರಾ ತೆರೆದ ಮೇಲೆ ಟಾಕ್‌ಬ್ಯಾಕ್ ಹೆಚ್ಚೇನೂ ಹೇಳುವುದಿಲ್ಲ. ಎದುರಿಗಿನ ಕೋಡ್ ಅದಕ್ಕೆ ಪರದೆಯ ವಸ್ತುವಲ್ಲ, ಬರೀ ಚಿತ್ರ. ಆದ್ದರಿಂದ ಈ ಹಂತದಲ್ಲಿ ಕೈಯೇ ದಾರಿ ತೋರಿಸಬೇಕು.

ಕೋಡ್ ಎಲ್ಲಿದೆ ಎಂದು ಅಂಗಡಿಯವರನ್ನೇ ಕೇಳಿ. ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಆಗಲೇ ಮುಗಿಸಿಬಿಡಿ: ‘ಅಣ್ಣಾ, ಕೋಡ್ ಯಾರ ಹೆಸರಲ್ಲುಂಟು?’ ಉತ್ತರ ಮುಂದಿನ ಹಂತಕ್ಕೆ ಬೇಕು. ಮೇಜಿನ ಮೇಲಿನ ನಿಲುವು ಫಲಕವಾದರೆ ಅದರ ಅಂಚುಗಳನ್ನು ಎಡಗೈಯಿಂದ ಮುಟ್ಟಿ ಅಗಲ ತಿಳಿದುಕೊಳ್ಳಿ. ಫೋನಿನ ಹಿಂಬದಿಯನ್ನು ಫಲಕದ ನಡುಭಾಗಕ್ಕೆ ತಾಗಿಸಿ, ಅಲ್ಲಿಂದ ನೇರವಾಗಿ ನಿಮ್ಮ ಕಡೆಗೆ ನಿಧಾನಕ್ಕೆ ಎಳೆದುಕೊಳ್ಳಿ. ಸುಮಾರು ಒಂದು ಗೇಣು ದೂರ ಬರುವಷ್ಟರಲ್ಲಿ ಫೋನ್ ನಡುಗುತ್ತದೆ ಇಲ್ಲವೇ ಪುಟ ಬದಲಾದ ಸದ್ದು ಕೇಳಿಸುತ್ತದೆ. ಕ್ಯಾಮೆರಾ ಕಣ್ಣು ಫೋನಿನ ಮೇಲಿನ ಮೂಲೆಯಲ್ಲಿರುತ್ತದೆ, ನಡುವಿನಲ್ಲಲ್ಲ. ಹಾಗಾಗಿ ತಾಗಿಸುವಾಗ ಫೋನನ್ನು ಸ್ವಲ್ಪ ಕೆಳಗಿಳಿಸಿ, ಕ್ಯಾಮೆರಾ ಇರುವ ಮೂಲೆ ಫಲಕದ ನಡುವಿಗೆ ಬರುವಂತೆ ಇಡಬೇಕು. ಸಿಗದವರಿಗೆ ಹೆಚ್ಚಾಗಿ ಸಿಗದಿರುವುದು ಈ ಕಾರಣಕ್ಕೆ.

ಸಿಗದಿರುವುದಕ್ಕೆ ಬೇರೆ ಎರಡು ಕಾರಣಗಳೂ ಇವೆ. ಮಳೆಗಾಲದಲ್ಲಿ ನಮ್ಮ ಅಂಗಡಿಗಳು ಕೋಡಿಗೆ ಪ್ಲಾಸ್ಟಿಕ್ ಹೊದಿಸಿಡುತ್ತವೆ. ದೀಪದ ಹೊಳಪು ಅದರ ಮೇಲೆ ಬಿದ್ದರೆ ಕೋಡ್ ಅಳಿಸಿದಂತಾಗುತ್ತದೆ, ಆಗ ಫೋನನ್ನು ತುಸು ಓರೆ ಹಿಡಿಯಬೇಕು. ಇನ್ನೊಂದು, ಮೋಡ ಕವಿದ ಮಧ್ಯಾಹ್ನದ ಕತ್ತಲು. ಸ್ಕ್ಯಾನ್ ಪುಟದಲ್ಲೇ ಟಾರ್ಚ್ ಗುಂಡಿ ಇರುತ್ತದೆ. ಕತ್ತಲೆಗೆ ಟಾರ್ಚ್ ಬೇಕು, ಪ್ಲಾಸ್ಟಿಕ್ಕಿನ ಹೊಳಪಿಗೆ ಅದೇ ಟಾರ್ಚ್ ಇನ್ನಷ್ಟು ಕೆಡುಕು. ಯಾವುದೆಂದು ಅಂಗಡಿಯವರನ್ನು ಕೇಳಿದರೆ ಒಂದು ಮಾತಿನಲ್ಲಿ ಮುಗಿಯುತ್ತದೆ.

ಹತ್ತಿಪ್ಪತ್ತು ಸೆಕೆಂಡಿನಲ್ಲಿ ಆಗದಿದ್ದರೆ ಹಟ ಬೇಡ. ಅಂಗಡಿಯವರ ಯುಪಿಐ ಮೊಬೈಲ್ ಸಂಖ್ಯೆ ಕೇಳಿ, ಆ್ಯಪಿನಲ್ಲಿ ಸಂಖ್ಯೆಗೆ ಹಣ ಕಳಿಸುವ ಆಯ್ಕೆಗೆ ಹೋಗಿ. ಫೋನನ್ನು ಅವರ ಕೈಗೆ ಕೊಟ್ಟು ಸ್ಕ್ಯಾನ್ ಮಾಡಿಸುವವರೂ ಇದ್ದಾರೆ. ಸ್ಕ್ಯಾನಿಗೆ ಅಷ್ಟರಮಟ್ಟಿಗೆ ಪರವಾಗಿಲ್ಲ, ಆದರೆ ಸ್ಕ್ಯಾನ್ ಆದೊಡನೆ ಫೋನ್ ನಿಮ್ಮ ಕೈಗೆ ಬರಬೇಕು, ಹೆಸರು ನಿಮ್ಮ ಕಿವಿಗೆ ಬೀಳಬೇಕು.

ಹೆಸರು ಮತ್ತು ಮೊತ್ತ

ಸ್ಕ್ಯಾನ್ ಆದ ಮೇಲೆ ಬರುವ ಪುಟದಲ್ಲಿ ಫೋಕಸ್, ಅಂದರೆ ಟಾಕ್‌ಬ್ಯಾಕ್ ಆ ಹೊತ್ತಿಗೆ ನಿಂತು ಓದುವ ಜಾಗ, ನೇರವಾಗಿ ಮೊತ್ತ ಬರೆಯುವ ಜಾಗಕ್ಕೆ ಹೋಗಿ ಕೂರುತ್ತದೆ. ಹೆಸರು ಅದಕ್ಕಿಂತ ಮೇಲಿರುತ್ತದೆ. ತಾನಾಗಿ ಓದಿದರೆ ಒಳ್ಳೆಯದು, ಇಲ್ಲವಾದರೆ ಎಡಕ್ಕೆ ಎರಡು ಮೂರು ಬಾರಿ ಸರಿಸಿ ನೀವೇ ಹೋಗಿ ಕೇಳಬೇಕು. ಬೋರ್ಡಿನ ಮೇಲಿನ ಅಂಗಡಿಯ ಹೆಸರಿಗೂ ಇಲ್ಲಿ ಕೇಳುವ ಹೆಸರಿಗೂ ಸಂಬಂಧವೇ ಇಲ್ಲದಿರಬಹುದು, ಏಕೆಂದರೆ ಆ್ಯಪ್ ತೋರಿಸುವುದು ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನು. ಮಾಲೀಕರದ್ದೋ ಅವರ ಮಗನದ್ದೋ ಇರಬಹುದು. ಮೊದಲೇ ಕೇಳಿಟ್ಟುಕೊಂಡ ಉತ್ತರ ಇಲ್ಲಿ ಕೆಲಸಕ್ಕೆ ಬಂತು. ಕೇಳಿದ ಹೆಸರು ಹೊಂದದಿದ್ದರೆ ಪಕ್ಕದ ಅಂಗಡಿಯ ಕೋಡ್ ಸ್ಕ್ಯಾನ್ ಆಗಿರಬಹುದು, ಅಥವಾ ಯಾರೋ ಫಲಕದ ಮೇಲೆ ಬೇರೆ ಕೋಡ್ ಅಂಟಿಸಿರಬಹುದು. ಎರಡಕ್ಕೂ ಮದ್ದು ಒಂದೇ: ಹಿಂದಕ್ಕೆ ಬಂದು, ಮತ್ತೆ ಕೇಳಿ, ಮತ್ತೆ ಸ್ಕ್ಯಾನ್ ಮಾಡುವುದು.

ಹೆಸರು ಸ್ಪಷ್ಟವಾಗದಿದ್ದರೆ ಒಂದೊಂದೇ ಅಕ್ಷರ ಓದಿಸಬಹುದು. ಮೂರು ಬೆರಳಿಂದ ಮೇಲೆ ಅಥವಾ ಕೆಳಗೆ ಸರಿಸುತ್ತಾ ಹೋದರೆ ಓದುವ ವಿಧಾನ ಬದಲಾಗುತ್ತದೆ. ‘ಅಕ್ಷರಗಳು’ ಎಂದು ಕೇಳಿಸಿದಾಗ ನಿಲ್ಲಿಸಿ, ಆಮೇಲೆ ಒಂದೇ ಬೆರಳಿಂದ ಕೆಳಗೆ ಸರಿಸಿ. ಪ್ರತಿ ಸಲ ಒಂದೊಂದು ಅಕ್ಷರ.

ಈಗ ಮೊತ್ತ. ಅಂಕೆಗಳ ಕೀಬೋರ್ಡಿನಲ್ಲಿ ಬೆರಳನ್ನು ತೇಲಿಸಿಕೊಂಡು ಹೋಗಿ, ಮೂರು ಎಂದು ಕೇಳಿಸಿದ ಜಾಗದಲ್ಲಿ ಬೆರಳೆತ್ತಿದರೆ ಮೂರು ಬಿತ್ತು. ಹಾಗೆಯೇ ಏಳು, ಸೊನ್ನೆ. ಎತ್ತಿದರೂ ಬೀಳದ ಆ್ಯಪಿನಲ್ಲಿ ಎರಡು ಬಾರಿ ತಟ್ಟಿ. ಬರೆದಾದ ಮೇಲೆ ಮೊತ್ತದ ಜಾಗವನ್ನು ಮತ್ತೆ ಮುಟ್ಟಿ ಪೂರ್ತಿ ಕೇಳಬೇಕು, ಬರೆಯುವಾಗ ಕೇಳಿದ್ದನ್ನು ನಂಬಿ ಮುಂದೆ ಹೋಗಬಾರದು. ಒಂದೇ ಅಂಕೆ ಎರಡು ಸಲ ಬಿದ್ದು 370 ಹೋಗಿ 3,770 ಆಗುವುದು ಅಪರೂಪವೇನಲ್ಲ.

ಸಂತೆಯ ಗದ್ದಲದಲ್ಲಿ ಕನ್ನಡ ಧ್ವನಿಯೇ ತಂದಿಡುವ ಒಂದು ಗೊಂದಲವೂ ಇದೆ. ‘ಮುನ್ನೂರ ಎಪ್ಪತ್ತು’ ಮತ್ತು ‘ಮುನ್ನೂರ ಇಪ್ಪತ್ತು’ ಕಿವಿಗೆ ಬಹಳ ಹತ್ತಿರ. ಮೊದಲ ಸ್ವರ ನುಂಗಿಹೋದರೆ ಎರಡೂ ಒಂದೇ. ಅಂಗಡಿಯವರು ಬಾಯಲ್ಲಿ ಹೇಳಿದ್ದು ಯಾವುದು ಎಂಬಲ್ಲಿಂದಲೇ ಈ ಸಂಶಯ ಶುರುವಾಗುತ್ತದೆ. ಹಾಗಾಗಿ ಅವರಿಂದಲೂ ‘ಮೂರು, ಏಳು, ಸೊನ್ನೆಯಾ?’ ಎಂದು ಅಂಕೆಗಳಲ್ಲೇ ಖಚಿತ ಮಾಡಿಕೊಳ್ಳಿ, ಫೋನಿನಲ್ಲೂ ಅಕ್ಷರಗಳ ವಿಧಾನಕ್ಕೆ ಬದಲಿಸಿ ಮೂರು, ಏಳು, ಸೊನ್ನೆ ಎಂದೇ ಕೇಳಿ. ಬ್ಲೂಟೂತ್ ಇಯರ್‌ಫೋನ್ ಇದ್ದರೆ ಇನ್ನೂ ಎಚ್ಚರ ಬೇಕು. ಸ್ವಲ್ಪ ಹೊತ್ತು ಸದ್ದಿಲ್ಲದಿದ್ದರೆ ಅಂಥವು ನಿದ್ದೆಗೆ ಜಾರುತ್ತವೆ, ಮತ್ತೆ ಮಾತು ಬಂದಾಗ ಮೊದಲ ತುಣುಕನ್ನು ನುಂಗುತ್ತವೆ. 1,370ರಲ್ಲಿ ನುಂಗಿಹೋಗುವುದು ಸಾವಿರವೇ. ತಂತಿಯ ಇಯರ್‌ಫೋನಿಗೆ ಈ ಕಾಯಿಲೆ ಇಲ್ಲ, ಬೆಲೆಯೂ ಕಡಿಮೆ.

ಪಿನ್ ಪುಟ

ಎಲ್ಲಕ್ಕಿಂತ ಕಷ್ಟದ ಜಾಗ ಇದು. ಪಾವತಿ ಗುಂಡಿ ಒತ್ತಿದ ಮೇಲೆ ಬರುವ ಈ ಪುಟ ನಿಮ್ಮ ಆ್ಯಪಿನದ್ದಲ್ಲ. ಯುಪಿಐ ನಡೆಸುವ ಎನ್‌ಪಿಸಿಐ ಎಲ್ಲ ಆ್ಯಪ್‌ಗಳಿಗೂ ಕೊಟ್ಟಿರುವ ಪುಟ. ಆದ್ದರಿಂದಲೇ ಯಾವ ಆ್ಯಪ್ ಬಳಸಿದರೂ ಇದು ಹೆಚ್ಚುಕಡಿಮೆ ಒಂದೇ ರೀತಿ ಇರುತ್ತದೆ, ಒಮ್ಮೆ ಬೆರಳಿಗೆ ಹತ್ತಿದರೆ ಎಲ್ಲ ಕಡೆ ಕೆಲಸಕ್ಕೆ ಬರುತ್ತದೆ. ಮೇಲ್ಭಾಗದಲ್ಲಿ ಬ್ಯಾಂಕಿನ ಹೆಸರು, ಹಣ ಪಡೆಯುವವರ ಹೆಸರು, ಮೊತ್ತ ಇರುತ್ತವೆ. ಮಧ್ಯದಲ್ಲಿ ಪಿನ್ನಿನ ನಾಲ್ಕು ಅಥವಾ ಆರು ಮನೆಗಳು, ಕೆಳಗೆ ಅಂಕೆಗಳು. ಅಂಕೆಗಳ ಸಾಲು ಫೋನಿನ ಕೀಪ್ಯಾಡಿನಂತೆ: ಮೇಲೆ 1, 2, 3, ಕೊನೆಯ ಸಾಲಿನ ನಡುವೆ 0. ಅಳಿಸುವ ಗುಂಡಿ ಮತ್ತು ಒಪ್ಪಿಸುವ ಗುಂಡಿ ಸಾಮಾನ್ಯವಾಗಿ ಸೊನ್ನೆಯ ಎಡಬಲಕ್ಕೆ. ಯಾವುದು ಯಾವ ಬದಿಗೆ ಎಂದು ತಾಲೀಮಿನಲ್ಲೇ ಮುಟ್ಟಿ ನೋಡಿ.

ಮೊತ್ತವನ್ನು ಇಲ್ಲಿ ಇನ್ನೊಮ್ಮೆ ಕೇಳುವುದನ್ನು ಬಿಡಬೇಡಿ. ಹಿಂದಿನ ಪುಟದಲ್ಲಿ ನೀವು ಬರೆದದ್ದು ಇತ್ತು, ಬ್ಯಾಂಕಿಗೆ ಹೋಗುವುದು ಇಲ್ಲಿರುವುದು. ಪಿನ್ ಒಪ್ಪಿಸಿದ ಮೇಲೆ ಹಿಂದಕ್ಕೆ ದಾರಿ ಇಲ್ಲ.

ಈ ಅಂಕೆಗಳು ಫೋನಿನ ಕೀಬೋರ್ಡ್ ಅಲ್ಲ, ಪುಟದ ಮೇಲೇ ಇರುವ ಗುಂಡಿಗಳು. ಅದರಿಂದ ಎರಡು ಪರಿಣಾಮ. ಬೆರಳೆತ್ತಿದರೆ ಅಂಕೆ ಬೀಳುವ ಅಭ್ಯಾಸ ಇಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ, ಅಂಕೆಯ ಮೇಲೆ ನಿಂತು ಎರಡು ಬಾರಿ ತಟ್ಟಬೇಕು. ಬೇಗ ಆಗಬೇಕೆಂದರೆ ಒಂದು ಬೆರಳನ್ನು ಅಂಕೆಯ ಮೇಲೆ ಇಟ್ಟೇ ಇನ್ನೊಂದು ಬೆರಳಿಂದ ಪಕ್ಕದಲ್ಲಿ ಒಮ್ಮೆ ತಟ್ಟಿದರೂ ಆಗುತ್ತದೆ. ಎರಡನೆಯ ಪರಿಣಾಮ ಗಂಭೀರ. ಪಾಸ್‌ವರ್ಡ್ ಗಟ್ಟಿಯಾಗಿ ಹೇಳಬೇಡ ಎಂದು ಟಾಕ್‌ಬ್ಯಾಕಿಗೆ ಸೂಚಿಸಿದ್ದರೂ, ಬೆರಳಡಿ ಸಿಕ್ಕ ಅಂಕೆಯನ್ನು ಅದು ಸ್ಪೀಕರಿನಲ್ಲೇ ಹೇಳಿಬಿಡಬಹುದು, ಏಕೆಂದರೆ ಅದರ ಪಾಲಿಗೆ ಅದು ಪಾಸ್‌ವರ್ಡ್ ಅಲ್ಲ, ‘ಏಳು’ ಎಂಬ ಹೆಸರಿನ ಮಾಮೂಲಿ ಗುಂಡಿ. ನಿಮ್ಮ ಫೋನಿನಲ್ಲಿ ಏನಾಗುತ್ತದೆ ಎಂಬುದನ್ನು ಮನೆಯಲ್ಲಿ, ಇಯರ್‌ಫೋನ್ ತೆಗೆದು, ಒಂದು ರೂಪಾಯಿಯ ತಾಲೀಮಿನಲ್ಲಿ ನೋಡಿಕೊಳ್ಳಿ. ಹೇಳುತ್ತದೆ ಎಂದಾದರೆ ಸಾರ್ವಜನಿಕ ಜಾಗದಲ್ಲಿ ಇಯರ್‌ಫೋನ್ ಇಲ್ಲದೆ ಪಿನ್ ಹಾಕುವ ಮಾತೇ ಇಲ್ಲ. ಒಂದು ಕಿವಿಗೆ ಮಾತ್ರ ಹಾಕಿಕೊಳ್ಳಿ, ಇನ್ನೊಂದು ಅಂಗಡಿಯವರ ಮಾತಿಗೆ ಬಿಟ್ಟಿರಲಿ.

ಕಿವಿಯ ದಾರಿ ಮುಚ್ಚಿದ ಮೇಲೆ ಕಣ್ಣಿನ ದಾರಿ ಉಳಿಯುತ್ತದೆ. ಟಾಕ್‌ಬ್ಯಾಕ್ ಬಳಸುವವರ ಬೆರಳು ನಿಧಾನವಾಗಿ ಚಲಿಸುತ್ತದೆ, ಹಿಂದೆ ನಿಂತವರಿಗೆ ನೋಡಲು ಬೇಕಾದಷ್ಟು ಸಮಯ. ಟಾಕ್‌ಬ್ಯಾಕ್ ಮೆನುವಿನಲ್ಲಿ ಪರದೆ ಮರೆಮಾಡುವ ಆಯ್ಕೆ ಇದೆ. ಅದನ್ನು ಒತ್ತಿದರೆ ಪರದೆ ಪೂರ್ತಿ ಕಪ್ಪಾಗುತ್ತದೆ, ಮುಟ್ಟುವುದು, ಓದುವುದು ಎಂದಿನಂತೆ ನಡೆಯುತ್ತದೆ. ಐಫೋನಿನ ವಾಯ್ಸ್‌ಓವರ್‌ನಲ್ಲಾದರೆ ಮೂರು ಬೆರಳಿಂದ ಮೂರು ಬಾರಿ ತಟ್ಟಿದರೆ ಇದೇ ಕೆಲಸ. ಪರದೆ ಕಪ್ಪಾದರೂ ಬೆರಳ ಚಲನೆ ಕಾಣುತ್ತದೆ ಎಂಬುದು ನೆನಪಿರಲಿ, ಫೋನನ್ನು ಎದೆಗೆ ಹತ್ತಿರ ಹಿಡಿಯಿರಿ. ಪಾವತಿಯಾದ ಮೇಲೆ ಪರದೆ ತೋರಿಸಿ ಎಂದು ಅಂಗಡಿಯವರು ಕೇಳಿದರೆ ಅದೇ ಮೆನುವಿನಿಂದ ವಾಪಸ್ ತರಬೇಕು, ಇಲ್ಲವಾದರೆ ಫೋನ್ ಆಫ್ ಆಗಿದೆ ಎಂದೇ ಅವರು ತಿಳಿಯುತ್ತಾರೆ.

ಹಾಕಿದ ಅಂಕೆಗಳು ಚುಕ್ಕೆಗಳಾಗಿ ಕೂರುತ್ತವೆ. ಎಲ್ಲೋ ತಪ್ಪಿತು ಅನ್ನಿಸಿದರೆ ಪೂರ್ತಿ ಅಳಿಸಿ ಮೊದಲಿನಿಂದ ಹಾಕುವುದೇ ವಾಸಿ. ಪಿನ್ ತೋರಿಸುವ ಗುಂಡಿಯೂ ಆ ಪುಟದಲ್ಲಿರುತ್ತದೆ, ಹೊರಗೆ ಅದನ್ನು ಒತ್ತಬಾರದು. ಪಿನ್ ಸತತವಾಗಿ ತಪ್ಪಾದರೆ ಬ್ಯಾಂಕು ಸ್ವಲ್ಪ ಕಾಲ ಯುಪಿಐ ತಡೆಹಿಡಿಯುತ್ತದೆ. ತುಂಬಾ ಹೊತ್ತು ತೆಗೆದುಕೊಂಡರೆ ಆ ವ್ಯವಹಾರವೇ ಅವಧಿ ಮುಗಿದು ರದ್ದಾಗುವುದುಂಟು. ಇವೆರಡಕ್ಕೂ ತಾಲೀಮೇ ಉತ್ತರ. ‘ಕೊಡಿ ಅಣ್ಣ, ಪಿನ್ ನಾನು ಒತ್ತಿಕೊಡ್ತೇನೆ’ ಎಂದು ಯಾರಾದರೂ ಕೈ ಚಾಚಿದರೆ, ಎಷ್ಟೇ ಒಳ್ಳೆಯ ಮನಸ್ಸಿನಿಂದ ಹೇಳಿದ್ದರೂ, ಒಪ್ಪಬೇಡಿ.

ಆಯಿತೋ ಇಲ್ಲವೋ

ಪಿನ್ ಒಪ್ಪಿಸಿದ ಮೇಲೆ ಕೆಲವು ಆ್ಯಪ್‌ಗಳು ಒಂದು ಟಿಂಗ್ ಸದ್ದು ಮಾಡಿ ಹಸಿರು ಗುರುತು ತೋರಿಸುತ್ತವೆ. ಆ ಗುರುತು ಬರೀ ಅನಿಮೇಷನ್, ಟಾಕ್‌ಬ್ಯಾಕಿಗೆ ಓದಲು ಅಲ್ಲಿ ಪದವೇ ಇಲ್ಲದಿರಬಹುದು. ಅದರ ಬೆನ್ನಿಗೇ ಬಹುಮಾನದ ಕಾರ್ಡೋ ಜಾಹೀರಾತೋ ಬಂದು ಫೋಕಸ್ ಎಳೆದುಕೊಳ್ಳುತ್ತದೆ. ನಿಮಗೆ ಕೇಳಬೇಕಿದ್ದದ್ದು ‘ಯಶಸ್ವಿ’ ಎಂಬ ಮಾತು, ಕೇಳಿಸಿದ್ದು ಯಾವುದೋ ಸಾಲದ ಆಮಿಷ. ಆಗ ಪರದೆಯ ಮೇಲ್ತುದಿ ಮುಟ್ಟಿ, ಅಲ್ಲಿಂದ ಬಲಕ್ಕೆ ಸರಿಸುತ್ತಾ ಬನ್ನಿ. ಸಿಗದಿದ್ದರೆ ನೇರವಾಗಿ ವ್ಯವಹಾರದ ಇತಿಹಾಸಕ್ಕೆ ಹೋಗಿ, ಮೊದಲ ಸಾಲಿನಲ್ಲಿ ಹೆಸರು, 370 ಮತ್ತು ಸ್ಥಿತಿ ಮೂರನ್ನೂ ಕೇಳಿ. ಬರೀ ಸದ್ದನ್ನು ನಂಬಬಾರದು, ಸೋತ ಪಾವತಿಗೂ ಸದ್ದು ಮಾಡುವ ಆ್ಯಪ್ ಇರಬಹುದು.

ಅಂಗಡಿಯ ಸೌಂಡ್‌ಬಾಕ್ಸ್ ವ್ಯಾಪಾರಿಗಾಗಿ ಬಂದ ಸಾಧನ. ಆದರೆ ಕಣ್ಣು ಕಾಣದ ಗ್ರಾಹಕರಿಗೆ ಅದರಷ್ಟು ಉಪಕಾರಿ ಇನ್ನೊಂದಿಲ್ಲ ಎನ್ನಬಹುದು. ನಿಮ್ಮ ಫೋನ್ ಹಣ ಹೋಯಿತು ಎನ್ನುತ್ತದೆ, ಅದು ಹಣ ಬಂತು ಎನ್ನುತ್ತದೆ, ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದ ಸುದ್ದಿ. ಕನ್ನಡದಲ್ಲೇ ಮೊತ್ತ ಹೇಳುತ್ತದೆ. ಎಪ್ಪತ್ತು–ಇಪ್ಪತ್ತರ ಗೊಂದಲ ಅಲ್ಲೂ ಇದ್ದೇ ಇದೆ, ಜೊತೆಗೆ ಪಕ್ಕದ ಅಂಗಡಿಯ ಪೆಟ್ಟಿಗೆ ಅದೇ ಹೊತ್ತಿಗೆ ಕೂಗಬಹುದು. ಸದ್ದು ಎಲ್ಲಿಂದ ಬಂತು, ಎಷ್ಟು ಎಂದಿತು ಎಂಬ ಎರಡನ್ನೂ ಗಮನಿಸಿ. ಅದರ ಒಳಗೂ ಒಂದು ಸಿಮ್ ಇರುತ್ತದೆ. ಮಳೆಗೆ ಟವರ್ ಸೊರಗಿದ ದಿನ ನಿಮ್ಮ ಪಾವತಿ ಆಗಿ ಎಷ್ಟೋ ಹೊತ್ತಿನ ಮೇಲೆ ಅದು ಬಾಯಿ ಬಿಡುತ್ತದೆ, ಬಿಡದೆಯೂ ಇರಬಹುದು.

ಅಂಥ ದಿನ ‘ಬಂದಿಲ್ಲ, ಇನ್ನೊಮ್ಮೆ ಹಾಕಿ’ ಎಂದು ಅಂಗಡಿಯವರು ಹೇಳಿದರೆ ಕೂಡಲೇ ಹಾಕಬೇಡಿ. ಇತಿಹಾಸದಲ್ಲಿ ಯಶಸ್ವಿ ಎಂದಿದ್ದರೆ ಆ ಸಾಲನ್ನು ತೆರೆದು 12 ಅಂಕೆಗಳ ಯುಪಿಐ ಉಲ್ಲೇಖ ಸಂಖ್ಯೆಯನ್ನು ಓದಿಸಿ, ವ್ಯಾಪಾರಿ ತಮ್ಮ ಆ್ಯಪಿನಲ್ಲಿ ಹೋಲಿಸಿ ನೋಡಲಿ. ವಿಫಲ ಎಂದಿದ್ದು ಖಾತೆಯಿಂದಲೂ ಕಡಿತವಾಗಿಲ್ಲದಿದ್ದರೆ ಮತ್ತೆ ಹಾಕಬಹುದು. ಕಷ್ಟ ಇರುವುದು ಬಾಕಿ ಎಂದು ತೋರಿಸುವಾಗ. ಹಣ ಕಡಿತವಾಗಿರಬಹುದು, ತಲುಪದಿರಬಹುದು. ಕೈಯಲ್ಲಿ ನೋಟಿದ್ದರೆ ಕೊಟ್ಟು ಮುಗಿಸಿ, ಇಲ್ಲವಾದರೆ ಫೋನ್ ಸಂಖ್ಯೆ ಹಂಚಿಕೊಂಡು ಸಂಜೆ ನೋಡೋಣ ಎನ್ನಿ. ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ವ್ಯಕ್ತಿಗೆ ಕಳಿಸಿದ ಹಣ ತಲುಪದಿದ್ದರೆ ವ್ಯವಹಾರದ ಮರುದಿನದೊಳಗೆ, ವ್ಯಾಪಾರಿಗೆ ಮಾಡಿದ ಪಾವತಿಯಾದರೆ ಐದು ದಿನದೊಳಗೆ ತಾನಾಗಿ ವಾಪಸ್ ಬರಬೇಕು. ತಡವಾದರೆ ದಿನಕ್ಕೆ 100 ರೂಪಾಯಿ ಪರಿಹಾರ. ದೂರು ಕೊಡುವಾಗ ಅದೇ 12 ಅಂಕೆ ಬೇಕು. ಮೋಸದಿಂದ ಹಣ ಹೋಗಿದ್ದರೆ ಅದು ಬೇರೆ ವಿಷಯ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು.

ಪಿನ್ ಪುಟವನ್ನೇ ದಾಟುವ ದಾರಿಗಳು

ಸಣ್ಣ ಮೊತ್ತಕ್ಕೆ ಯುಪಿಐ ಲೈಟ್ ಇದೆ. ಮನೆಯಲ್ಲಿ ಒಮ್ಮೆ ಪಿನ್ ಹಾಕಿ ಅದಕ್ಕೆ ಹಣ ತುಂಬಿಕೊಂಡರೆ ಅಂಗಡಿಯಲ್ಲಿ ಪಿನ್ ಕೇಳುವುದಿಲ್ಲ. ಒಂದು ಪಾವತಿಗೆ 1,000 ರೂಪಾಯಿ, ಒಟ್ಟು ಶಿಲ್ಕು 5,000 ರೂಪಾಯಿ ಮಿತಿ. ನಮ್ಮ 370 ರೂಪಾಯಿ ಇದರಲ್ಲಿ ಸಲೀಸಾಗಿ ಹೋಗುತ್ತದೆ, ಬೆರಳಿನ ಕೆಲಸ ಅರ್ಧದಷ್ಟು ಕಡಿಮೆ. ಆದರೆ ಪಿನ್ ಪುಟ ಇಲ್ಲ ಎಂದರೆ ಮೊತ್ತವನ್ನು ಎರಡನೇ ಸಲ ಕೇಳುವ ಅವಕಾಶವೂ ಇಲ್ಲ, ಮೊದಲ ಪುಟದಲ್ಲೇ ಅಂಕೆ ಅಂಕೆಯಾಗಿ ಕೇಳಬೇಕು. ಈ ಸಣ್ಣ ಪಾವತಿಗಳು ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಒಂದೊಂದಾಗಿ ಬರುವುದಿಲ್ಲ, ಲೆಕ್ಕ ಆ್ಯಪಿನ ಇತಿಹಾಸದಲ್ಲೇ. ಫೋನಿಗೆ ಬೀಗ ಹಾಕಿಡದವರು ಇದನ್ನು ಬಳಸದಿರುವುದೇ ಒಳ್ಳೆಯದು.

2025ರ ಅಕ್ಟೋಬರ್‌ನಲ್ಲಿ ಎನ್‌ಪಿಸಿಐ ಪಿನ್ ಬದಲು ಬೆರಳಚ್ಚು ಅಥವಾ ಮುಖ ಗುರುತಿಸುವಿಕೆಯಿಂದ ಒಪ್ಪಿಗೆ ಕೊಡುವ ವ್ಯವಸ್ಥೆಯನ್ನೂ ತಂದಿತು. ಆರಂಭದಲ್ಲಿ ಪಾವತಿಗೆ 5,000 ರೂಪಾಯಿ ಮಿತಿ ಇಟ್ಟರು. ನಿಮ್ಮ ಆ್ಯಪ್ ಮತ್ತು ಬ್ಯಾಂಕ್ ಎರಡೂ ಕೊಡುತ್ತಿದ್ದರೆ ಬೆರಳಚ್ಚನ್ನೇ ಆರಿಸಿ, ಮುಖವನ್ನು ಕ್ಯಾಮೆರಾದ ಎದುರು ಸರಿಯಾಗಿ ಹಿಡಿಯುವ ತಾಪತ್ರಯ ಇರುವುದಿಲ್ಲ.

ಕೀಪ್ಯಾಡ್ ಫೋನಿನವರಿಗೆ

ಟಚ್ ಪರದೆ ಒಗ್ಗದ ಹಿರಿಯರಿಗೆ, ಇಂಟರ್ನೆಟ್ ಬಾರದೆ ಕರೆಯಷ್ಟೇ ಸಿಗುವ ಊರುಗಳಿಗೆ ಯುಪಿಐ 123ಪೇ ಎಂಬ ವ್ಯವಸ್ಥೆ 2022ರ ಮಾರ್ಚ್‌ನಿಂದ ಇದೆ. ಅದರ ಒಂದು ವಿಧ ಪೂರ್ತಿ ಧ್ವನಿ ಸೂಚನೆಯ ಮೇಲೆ ನಡೆಯುತ್ತದೆ. ಬ್ಯಾಂಕಿಗೆ ಕೊಟ್ಟಿರುವ ಸಂಖ್ಯೆಯ ಸಿಮ್ಮಿನಿಂದಲೇ 080 4516 3666ಕ್ಕೆ ಕರೆ ಮಾಡಿ, ಭಾಷೆ ಮತ್ತು ಬ್ಯಾಂಕ್ ಆರಿಸಿಕೊಳ್ಳಬೇಕು. ಮೊದಲ ಸಲ ಪಿನ್ ಹೊಂದಿಸಲು ಡೆಬಿಟ್ ಕಾರ್ಡಿನ ವಿವರ ಕೇಳುತ್ತದೆ, ಕಾರ್ಡಿನ ಅಂಕೆಗಳನ್ನು ನಂಬಿಕೆಯವರೊಬ್ಬರಿಂದ ಮೊದಲೇ ಓದಿಸಿ ನೆನಪಿಟ್ಟುಕೊಂಡಿರಿ. ಆಮೇಲಿನ ಪಾವತಿಗಳಲ್ಲಿ ಧ್ವನಿ ಹೇಳಿದಂತೆ ಹಣ ಪಡೆಯುವವರ ಸಂಖ್ಯೆ, ಮೊತ್ತ, ಪಿನ್ ಒತ್ತುತ್ತಾ ಹೋಗುವುದು. ಒಂದು ಪಾವತಿಗೆ 10,000 ರೂಪಾಯಿವರೆಗೆ ಕಳಿಸಬಹುದು.

ಗುಂಡಿಯ ಫೋನಿನಲ್ಲಿ 5ರ ಮೇಲೆ ಸಣ್ಣ ಉಬ್ಬು ಇರುತ್ತದೆ, ಹೆಬ್ಬೆರಳನ್ನು ಅಲ್ಲಿಟ್ಟರೆ ಉಳಿದ ಅಂಕೆಗಳ ಜಾಗ ತಾನಾಗಿ ಗೊತ್ತಾಗುತ್ತದೆ. ಪಿನ್ ಒತ್ತುವಾಗ ಸ್ಪೀಕರ್ ಬೇಡ, ಗುಂಡಿ ಸದ್ದನ್ನೂ ಆಫ್ ಮಾಡಿಡಿ, ಕೆಲವು ಫೋನ್‌ಗಳು ಒತ್ತಿದ ಅಂಕೆಯನ್ನು ಗಟ್ಟಿಯಾಗಿ ಹೇಳುತ್ತವೆ. ಇದೇ ಕರೆಯನ್ನು ಟಾಕ್‌ಬ್ಯಾಕ್ ಇರುವ ಟಚ್ ಫೋನಿನಿಂದ ಮಾಡಿದರೆ ಎರಡು ಧ್ವನಿಗಳು ಒಂದರ ಮೇಲೊಂದು ಬಿದ್ದು ಯಾವುದೂ ಕೇಳುವುದಿಲ್ಲ. ಅಂಥ ಫೋನಿದ್ದವರಿಗೆ ಆ್ಯಪೇ ವಾಸಿ. ಕರೆ ನಡುವೆ ಕಡಿತವಾದರೆ, ಪಿನ್ ಒತ್ತುವ ಮೊದಲೇ ಆಗಿದ್ದರೆ ಹಣ ಹೋಗಿರುವುದಿಲ್ಲ, ಮತ್ತೆ ಕರೆ ಮಾಡಿದರಾಯಿತು. ಪಿನ್ ಒತ್ತಿದ ಮೇಲೆ ಕಡಿತವಾದರೆ ಬ್ಯಾಂಕಿನ ಎಸ್‌ಎಂಎಸ್ ಬಂದಿದೆಯೇ ಎಂದು ಯಾರಿಂದಲಾದರೂ ಓದಿಸಿ, ಶಿಲ್ಕು ಎಷ್ಟಿದೆ ಎಂದು ಕೇಳಿ, ಆಮೇಲಷ್ಟೇ ಎರಡನೇ ಸಲ ಹಣ ಕಳಿಸಿ.